ಎಕ್ಸೆಲ್‌ನ 23ನೇ ಸಾಲು

ಬಳ್ಳಾರಿಯ ಒಂದು ಕಾಲೇಜಿನ ಸಂಶೋಧನಾ ವಿಭಾಗದಲ್ಲಿ ನನ್ನ ಕೆಲಸ. ಪಿಎಚ್‌ಡಿ ಮಾಡುವವರ ಅರ್ಜಿ, ಎಥಿಕ್ಸ್ ಕಮಿಟಿಗೆ ಹೋಗುವ ಕಾಗದ, ಅದರ ಜೊತೆಗೊಂದು ಡೇಟಾ ಮ್ಯಾನೇಜ್‌ಮೆಂಟ್ ಪ್ಲಾನ್, ಇವನ್ನೆಲ್ಲ ನೋಡಿ ತಿದ್ದಿ ಕಳಿಸುತ್ತೇನೆ. ಸಂಗ್ರಹಿಸಿದ ಮಾಹಿತಿಯನ್ನು ಎಲ್ಲಿ ಇಡುತ್ತೇವೆ, ಯಾರಿಗೆ ಕೊಡುತ್ತೇವೆ, ಯಾವಾಗ ಅಳಿಸುತ್ತೇವೆ ಅಂತ ಬರೆದುಕೊಡುವ ಆ ಪ್ಲಾನ್ ಅಂದರೆ ಮೊದಲು ನನಗೂ ಬರೀ ಶಾಸ್ತ್ರ. ಹಳೆಯ ಯಾರದೋ ಪ್ಲಾನ್ ತೆಗೆದು ಶೀರ್ಷಿಕೆ ಬದಲಿಸಿ ಕೊಡುತ್ತಿದ್ದೆವು. 'ಮಾಹಿತಿಯನ್ನು ಸುರಕ್ಷಿತವಾಗಿ ಇಡಲಾಗುವುದು, ಹೆಸರುಗಳನ್ನು ತೆಗೆಯಲಾಗುವುದು.' ಮುಗೀತು.

ಆಮೇಲೆ ಒಬ್ಬ ಹುಡುಗಿ ಬಂದಳು. ಇಲ್ಲಿನ ಜೀನ್ಸ್ ಕೆಲಸದ ಹೆಂಗಸರ ಮೇಲೆ ಅವಳ ಪಿಎಚ್‌ಡಿ. 38 ಜನರನ್ನು ಮಾತಾಡಿಸಿದ್ದಳು, ಎಲ್ಲ ಫೋನಲ್ಲೇ ರೆಕಾರ್ಡಿಂಗ್. ಹೆಸರು ತೆಗೆದು ಮ01, ಮ02 ಅಂತ ನಂಬರ್ ಹಾಕಿ ಎಕ್ಸೆಲ್ ಮಾಡಿಕೊಂಡಿದ್ದಳು. (ಮುಂದಿನ ವಿವರಗಳನ್ನು ನಾನು ಬೇಕಂತಲೇ ಅಲ್ಲಲ್ಲಿ ಬದಲಿಸಿದ್ದೇನೆ. ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.)

ನಾನು ಆ ಶೀಟ್ ಸ್ಕ್ರೀನ್ ಮೇಲೆ ತೆರೆದು ನೋಡುತ್ತಿದ್ದೆ. ನಮ್ಮ ಆಫೀಸಿನ ಅಟೆಂಡರ್ ಚಹಾ ಇಡಲು ಬಂದವರು ಹಿಂದೆ ನಿಂತು ಸುಮ್ನೆ ಓದಿದರು. ಅವರ ಮನೆ ಕೌಲ್ ಬಜಾರ್‌ನಲ್ಲಿ. 23ನೇ ಸಾಲಿಗೆ ಬೆರಳಿಟ್ಟು, "ಸಾರ್, ಇದು ನಮ್ಮ ಓಣಿ ಅಕ್ಕ ಅಲ್ರೀ?" ಅಂದರು. ಆ ಸಾಲಲ್ಲಿ ಇದ್ದದ್ದು ಇಷ್ಟೇ: ಕೌಲ್ ಬಜಾರ್, 34 ವರ್ಷ, ವಾಷಿಂಗ್ ಯೂನಿಟ್‌ನಲ್ಲಿ ಸ್ಪ್ರೇ ಕೆಲಸ, ಮೂರು ಮಕ್ಕಳು. ಹೊಲಿಗೆ, ದಾರ ಕತ್ತರಿಸುವುದು, ಗುಂಡಿ ಹಾಕುವುದು, ಇದನ್ನು ಮಾಡುವ ಹೆಂಗಸರು ಓಣಿಗೆ ಹತ್ತು ಜನ ಸಿಗುತ್ತಾರೆ. ಸ್ಪ್ರೇ ಹೊಡೆಯುವ ಹೆಂಗಸು ಆ ಓಣಿಗೆಲ್ಲ ಒಬ್ಬಳೇ. ಪಕ್ಕದ ಕಾಲಂನಲ್ಲಿ ಆಕೆಯ ಮಾತು: ಮಾಲೀಕ ಎರಡು ತಿಂಗಳ ಕೂಲಿ ಕೊಟ್ಟಿಲ್ಲ. ಈ ಶೀಟ್ ಅವನ ಕೈಗೆ ಸಿಕ್ಕರೆ ಆಕೆಯ ಕೆಲಸ ಹೋದ ಹಾಗೇ.

ಅವತ್ತು ಚಹಾ ಆರಿಹೋಯಿತು.

ಹೆಸರು ತೆಗೆದರೆ ಗುರುತು ಹೋಗುವುದಿಲ್ಲ. ಊರು, ವಯಸ್ಸು, ಕೆಲಸ ಒಟ್ಟಿಗೆ ಸೇರಿದರೆ ಅದೇ ಹೆಸರಾಗಿಬಿಡುತ್ತದೆ. ಹಾಗಾದರೆ ಎಷ್ಟು ಜನ ಹೀಗೆ ಒಂಟಿಯಾಗಿ ಸಿಕ್ಕಿಬೀಳುತ್ತಾರೆ ಅಂತ ಎಣಿಸಲು ದೊಡ್ಡ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಬಿ ಕಾಲಂನಲ್ಲಿ ಏರಿಯಾ, ಸಿಯಲ್ಲಿ ವಯಸ್ಸು, ಡಿಯಲ್ಲಿ ಕೆಲಸ ಇದ್ದರೆ, ಖಾಲಿ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆಳೆಯಿರಿ:

```
=COUNTIFS($B$2:$B$39,B2,$C$2:$C$39,C2,$D$2:$D$39,D2)
```

ಈ ಮೂರೂ ಒಂದೇ ಥರ ಇರುವ ಸಾಲುಗಳು ಎಷ್ಟು ಅಂತ ಇದು ಹೇಳುತ್ತದೆ. 1 ಬಂದರೆ ಆ ಹೆಂಗಸು ಒಂಟಿ, ಗೊತ್ತಿರುವವರು ಥಟ್ಟಂತ ಹಿಡಿಯುತ್ತಾರೆ. ನಮಗೆ 38ರಲ್ಲಿ 31 ಸಾಲಿಗೆ 1 ಬಂತು. ವಯಸ್ಸನ್ನು 25-34, 35-44 ಹೀಗೆ ಹತ್ತು ವರ್ಷದ ಗುಂಪು ಮಾಡಿದೆವು, ಅದು 18ಕ್ಕೆ ಇಳಿಯಿತು. ಏರಿಯಾ ಹೆಸರು ತೆಗೆದು 'ನಗರದ ಒಳಗೆ', 'ಹೊರಗೆ' ಅಂತ ಎರಡೇ ಮಾಡಿ, ಕೆಲಸವನ್ನು ಹೊಲಿಗೆ, ವಾಷಿಂಗ್, ಫಿನಿಶಿಂಗ್ ಅಂತ ಮೂರಕ್ಕೆ ಸೇರಿಸಿದಾಗ ಇಬ್ಬರು ಮಾತ್ರ ಉಳಿದರು. ಅವರಿಬ್ಬರ ಕೆಲಸದ ಕಾಲಂ ಖಾಲಿ ಬಿಟ್ಟೆವು. ಮುಂದೆ ಹೊರಗಿನವರಿಗೆ ಹಂಚುವ ಶೀಟಿನಿಂದ ಮಕ್ಕಳ ಸಂಖ್ಯೆ ಪೂರ್ತಿ ಹೋಯಿತು. ಕಡಿಮೆ ಅಂದರೆ ಒಂದೊಂದು ಗುಂಪಲ್ಲಿ ಐದು ಜನ ಇರಲಿ ಅಂತ ನನ್ನ ಆಸೆ. 38 ಜನರಲ್ಲಿ ಅದು ಆಗಲಿಲ್ಲ, ಮೂರಕ್ಕೆ ಒಪ್ಪಿಕೊಂಡೆವು.

ಮೂರು ಜನ ಇದ್ದರೂ ನಿಶ್ಚಿಂತೆ ಇಲ್ಲ. ಆ ಮೂವರೂ 'ಕೂಲಿ ಬಾಕಿ ಇದೆ' ಅಂದಿದ್ದರೆ ಯಾವ ಸಾಲು ಯಾರದು ಅಂತ ಗೊತ್ತಾಗದಿದ್ದರೂ ವಿಷಯ ಗೊತ್ತಾದ ಹಾಗೇ ಅಲ್ವಾ? ಅಂಥ ಕಡೆ ಆ ಉತ್ತರವನ್ನೇ ಹಂಚಬಾರದು. ಮಾತಿನ ಬರಹರೂಪದಲ್ಲಿ ಇನ್ನೂ ಕಷ್ಟ. ಒಬ್ಬಾಕೆ ತನ್ನ ಗಂಡ ಕಾಲುವೆಯಲ್ಲಿ ಮುಳುಗಿ ಸತ್ತದ್ದನ್ನು ಹೇಳಿದ್ದಳು. ಅದನ್ನು ಯಾವ ಫಾರ್ಮುಲಾವೂ ಹಿಡಿಯುವುದಿಲ್ಲ, ಓದಿಯೇ ತೆಗೆಯಬೇಕು. ಪಿಎಚ್‌ಡಿ ಪ್ರಬಂಧ ಕೊನೆಗೆ ದೇಶದ ಪ್ರಬಂಧಗಳನ್ನೆಲ್ಲ ಇಡುವ ಶೋಧಗಂಗಾ ಜಾಲತಾಣಕ್ಕೆ ಹೋಗುತ್ತದೆ, ಫೋನ್ ಇರುವ ಯಾರು ಬೇಕಾದರೂ ಓದಬಹುದು. ಇನ್ನೊಂದು ಚಿಕ್ಕ ವಿಷಯ. ವರ್ಡ್ ಫೈಲಲ್ಲಿ ಟ್ರ್ಯಾಕ್ ಚೇಂಜಸ್ ಆನ್ ಇಟ್ಟು ಹೆಸರು ಅಳಿಸಿದರೆ, ಅಳಿಸಿದ ಹೆಸರು ಫೈಲಲ್ಲೇ ಕೂತಿರುತ್ತದೆ. ನಮ್ಮದೇ ಎರಡು ಫೈಲಲ್ಲಿ ಹಾಗಿತ್ತು.

ಇಷ್ಟಾದ ಮೇಲೆ ಪ್ಲಾನ್‌ನ ಉಳಿದ ಭಾಗಗಳನ್ನು ಹೊಸದಾಗಿ ಬರೆಯಲು ಕೂತೆವು. ಮೊದಲು ಬಂದದ್ದು ಕೀ ಫೈಲ್, ಅಂದರೆ ಮ23 ಅಂದರೆ ಯಾರು ಅಂತ ಬರೆದಿಟ್ಟ ಪಟ್ಟಿ. ಆ ಹುಡುಗಿ ಅದನ್ನು ಗೂಗಲ್ ಡ್ರೈವ್‌ನಲ್ಲಿ ಎಕ್ಸೆಲ್ ಇದ್ದ ಫೋಲ್ಡರ್‌ನಲ್ಲೇ ಇಟ್ಟಿದ್ದಳು. ಬೀಗ ಹಾಕಿ ಬೀಗದಕೈಯನ್ನು ಅದರಲ್ಲೇ ನೇತುಹಾಕಿದ ಹಾಗೆ. ಪಟ್ಟಿಯನ್ನು ಸುಟ್ಟುಬಿಡಲೂ ಆಗಲ್ಲ. ನಾಳೆ ಯಾರಾದರೂ ಬಂದು 'ನನ್ನದು ತೆಗೆದುಬಿಡಮ್ಮ' ಅಂದರೆ ಅದು ಇಲ್ಲದೆ ಅವರ ಸಾಲು ಸಿಗುವುದಿಲ್ಲ. ಹಾಗಾಗಿ ಅದನ್ನು ಫೈಲ್‌ಗೆ ಬೀಗ ಹಾಕುವ ವೆರಾಕ್ರಿಪ್ಟ್ ಅನ್ನುವ ಸಾಫ್ಟ್‌ವೇರ್‌ನ ಪಾಸ್‌ವರ್ಡ್ ಇರುವ ಕಂಟೇನರ್‌ಗೆ ಹಾಕಿ ಬೇರೆ ಕಡೆ ಇಟ್ಟೆವು, ವೈವಾ ಆದ ಮೇಲೆ ಅಳಿಸುವುದು ಅಂತ ಪ್ಲಾನ್‌ನಲ್ಲೇ ಬರೆದೆವು. ಅದು ಇರುವವರೆಗೆ ಈ ಡೇಟಾ ಪೂರ್ತಿ ಅನಾಮಧೇಯ ಅಲ್ಲ. ಆ ಮಾತನ್ನೂ ಪ್ಲಾನ್‌ನಲ್ಲಿ ಮುಚ್ಚುಮರೆ ಇಲ್ಲದೆ ಬರೆದೆವು.

ಬ್ಯಾಕಪ್‌ಗೆ ಎಲ್ಲರೂ ಹೇಳುವ 3-2-1 ಲೆಕ್ಕ: ಮೂರು ಪ್ರತಿ, ಎರಡು ಥರದ ಸಾಧನ, ಒಂದು ಬೇರೆ ಜಾಗದಲ್ಲಿ. ನಮ್ಮಲ್ಲಿ ಲ್ಯಾಪ್‌ಟಾಪ್, ಕಾಲೇಜಿನ ಡ್ರೈವ್, ಮತ್ತು ಸಿರುಗುಪ್ಪದಲ್ಲಿ ಅವಳ ಅಕ್ಕನ ಮನೆಯ ಬೀರುವಿನಲ್ಲಿ ಒಂದು ಹಾರ್ಡ್ ಡಿಸ್ಕ್. ಡ್ರೈವ್ ಸಿಂಕ್ ಆಗುತ್ತದಲ್ಲ, ಅದೇ ಬ್ಯಾಕಪ್ ಅಂತ ಅವಳು ಅಂದುಕೊಂಡಿದ್ದಳು. ಸಿಂಕ್‌ನಲ್ಲಿ ಲ್ಯಾಪ್‌ಟಾಪಲ್ಲಿ ಅಳಿಸಿದ್ದು ಡ್ರೈವ್‌ನಲ್ಲೂ ಅಳಿಯುತ್ತದೆ. ಮೂರನೇ ಪ್ರತಿ ಇರುವುದು ಅದಕ್ಕೇ.

ಹಂಚುವ ಭಾಗಕ್ಕೆ ಬಂದಾಗ ಒಪ್ಪಿಗೆ ಪತ್ರ ತೆಗೆದು ನೋಡಿದೆವು. 'ಈ ಮಾಹಿತಿಯನ್ನು ನನ್ನ ಅಧ್ಯಯನಕ್ಕೆ ಮಾತ್ರ ಬಳಸುತ್ತೇನೆ, ಬೇರೆ ಯಾರೂ ನೋಡುವುದಿಲ್ಲ' ಅಂತ ಅವಳೇ ಬರೆದು ಸಹಿ ಮಾಡಿಸಿದ್ದಳು. ಈ ಮಾತು ಇರುವಾಗ ಎಷ್ಟು ಚೆನ್ನಾಗಿ ಗುರುತು ಅಳಿಸಿದರೂ ಒಂದು ಸಾಲೂ ಹೊರಗೆ ಕೊಡುವಂತಿಲ್ಲ. ನನಗೂ ಬೇಜಾರಾಯಿತು, ಈ ಪತ್ರವನ್ನು ಆರು ತಿಂಗಳ ಹಿಂದೆ ತಿದ್ದಿ ಕಳಿಸಿದವನು ನಾನೇ. ಅವಳು ಮತ್ತೆ ಮನೆ ಮನೆಗೆ ಹೋದಳು. ಈ ಸಲ ಮೂರು ಪ್ರಶ್ನೆ ಬೇರೆ ಬೇರೆ ಕೇಳಿದಳು. ಗುರುತು ಇಲ್ಲದ ಶೀಟ್ ಎಲ್ಲರಿಗೂ ಕೊಡಬಹುದಾ? ನೀವು ಹೇಳಿದ ಮಾತಿನ ಬರಹ, ಕೇಳಿದ ಸಂಶೋಧಕರಿಗೆ ಮಾತ್ರ ಕೊಡಬಹುದಾ? ರೆಕಾರ್ಡಿಂಗ್ ಇಟ್ಟುಕೊಳ್ಳಬಹುದಾ? ಧ್ವನಿಯೇ ಗುರುತು, ಹಾಗಾಗಿ ಆಡಿಯೊ ಯಾರಿಗೂ ಕೊಡುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಳು. ಮೂವತ್ತು ಜನ ಮೂರಕ್ಕೂ ಹೂಂ ಅಂದರು. ಅವರ ಶೀಟ್ ಸಂಶೋಧನೆಯ ಡೇಟಾ ಹಂಚುವ ಝೆನೊಡೊ ಜಾಲತಾಣದಲ್ಲಿ ಹಾಕುವುದು, ಬರಹವನ್ನು ಅಲ್ಲೇ ನಿರ್ಬಂಧ ಹಾಕಿ ಇಡುವುದು ಅಂತ ಪ್ಲಾನ್‌ನಲ್ಲಿ ಬರೆದೆವು.

23ನೇ ಸಾಲಿನ ಅಕ್ಕ ಒಪ್ಪಲಿಲ್ಲ. "ನಂದು ಎಲ್ಲಾ ತೆಗೆದುಬಿಡವ್ವ, ಹುಡುಗರು ಸಣ್ಣವು ಅದಾವು" ಅಂದಳಂತೆ.

ತೆಗೆಯುವುದು ಅಂದರೆ ಒಂದು ಬಟನ್ ಅಂದುಕೊಂಡಿದ್ದೆವು. ಫೋನ್, ಲ್ಯಾಪ್‌ಟಾಪ್, ಡ್ರೈವ್, ಡ್ರೈವ್‌ನ ಟ್ರ್ಯಾಶ್ (ಅಲ್ಲಿ 30 ದಿನ ಇರುತ್ತದೆ, ಕೈಯಾರೆ ಖಾಲಿ ಮಾಡಬೇಕು), ಗೈಡ್‌ಗೆ ವಾಟ್ಸಾಪಲ್ಲಿ ಕಳಿಸಿದ ಒಂದು ಕ್ಲಿಪ್. ಉಳಿದದ್ದು ಸಿರುಗುಪ್ಪದ ಬೀರು. ಭಾನುವಾರ ಬೆಳಿಗ್ಗೆ ಅವಳು ಬಸ್ ಹತ್ತಿದಳು, ಒಂದು ಫೈಲ್ ಅಳಿಸಲು. ಮಧ್ಯಾಹ್ನ ಫೋನ್ ಮಾಡಿ, "ಸಾರ್, ಆಯ್ತು. ಅಕ್ಕ ಊಟಕ್ಕೆ ಕೂರಿಸಿದಾಳೆ" ಅಂದಳು. ನಾನು ಪ್ಲಾನ್ ತೆರೆದು, ಯಾವ ಪ್ರತಿ ಎಲ್ಲೆಲ್ಲಿ ಇದೆ ಅನ್ನುವ ಪಟ್ಟಿಗೆ ಗೈಡ್ ಅವರ ಫೋನನ್ನೂ ಸೇರಿಸಿದೆ.