ಬೆನ್ನುಡಿ ಎಲ್ಲಿಗೆ ನಿಲ್ಲಬೇಕು?

"ಕತೆ ಹೇಳದಿದ್ದರೆ ಪುಸ್ತಕ ಯಾರು ಕೊಳ್ತಾರೆ? ಹೇಳಿಬಿಟ್ಟರೆ ಯಾರು ಓದ್ತಾರೆ? ಬೆನ್ನುಡಿಯಲ್ಲಿ ಎಷ್ಟು ಹೇಳಬೇಕು ಮೇಡಂ?"

ಪುಟದ ನಂಬರ್ ಹಾಕಿ ನೋಡಿ, ಅದೇ ಹೇಳುತ್ತದೆ. ಹಾಸನದಲ್ಲಿ ನನ್ನ ಹತ್ತಿರ ತಿದ್ದಲು ಬಂದ ಒಂದು ಕಾದಂಬರಿಯ ಬೆನ್ನುಡಿಯನ್ನೇ ತೋರಿಸುತ್ತೇನೆ. ಲೇಖಕಿಯ ಒಪ್ಪಿಗೆ ಇದೆ. ಆದರೂ ಅವರ ಓದುಗರಿಗೆ ಗುಟ್ಟು ತಿಳಿಯಬಾರದು ಅಂತ ಹೆಸರು, ಊರು, ಘಟನೆ ಎಲ್ಲ ಬದಲಿಸಿದ್ದೇನೆ. ಅವರು ಬರೆದುಕೊಂಡು ಬಂದದ್ದು ಹೀಗಿತ್ತು:

"ತಂದೆ ತೀರಿಕೊಂಡ ಮೇಲೆ ತೋಟ ಮಾರಲು ಮೂಡಿಗೆರೆಗೆ ಬರುವ ಜಾನಕಿ, ಹಾಜರಿ ಪುಸ್ತಕದ ಜಾಡು ಹಿಡಿದು, ತಂದೆ ಗುಟ್ಟಾಗಿ ಸಾಕಿದ ಮಗಳು ಗಿರಿಜಾಳನ್ನು ಪತ್ತೆ ಹಚ್ಚುತ್ತಾಳೆ. ಎಲ್ಲ ಗೊತ್ತಿದ್ದೂ ಮುಚ್ಚಿಟ್ಟ ಅಣ್ಣನೊಂದಿಗೆ ಜಗಳವಾಡಿ, ಕೊನೆಗೆ ತೋಟ ಮಾರದೆ ಗಿರಿಜಾಳಿಗೂ ಪಾಲು ಕೊಡುವ ಹೃದಯಸ್ಪರ್ಶಿ ಕತೆ."

ಪುಸ್ತಕ 184 ಪುಟ. ನಾವಿಬ್ಬರೂ ಪೆನ್ಸಿಲ್ ಹಿಡಿದು, ಒಂದೊಂದು ಸಂಗತಿಯೂ ಯಾವ ಪುಟದಲ್ಲಿ ಬರುತ್ತದೆ ಅಂತ ಮೇಲೆ ಬರೆದೆವು. ಜಾನಕಿ ಬರುವುದು 5ನೇ ಪುಟ. ಹಾಜರಿ ಪುಸ್ತಕ ಸಿಗುವುದು 31. ಗಿರಿಜಾ ಯಾರು ಅಂತ ತಿಳಿಯುವುದು 112. ಅಣ್ಣನ ಜಗಳ 150. ಪಾಲು ಕೊಡುವುದು 178. ನಾನು ಸಾಮಾನ್ಯವಾಗಿ ಮೊದಲ ಕಾಲು ಭಾಗಕ್ಕೆ ಗೆರೆ ಎಳೆಯುತ್ತೇನೆ, ಇಲ್ಲಿ ಸುಮಾರು 46ನೇ ಪುಟ. ಅದರಾಚೆಯದೆಲ್ಲ ಹೋಗಬೇಕು. ಇದೇನೂ ಶಾಸನ ಅಲ್ಲ. ಆದರೆ ಓದುಗರು ಕತೆಯೊಳಗೆ ಕಾಲಿಟ್ಟು ಕೂತಮೇಲೆ ಆಗುವ ಸಂಗತಿ ಅವರಿಗೆ ಸೇರಿದ್ದು, ಅದನ್ನು ನಾವು ರಟ್ಟಿನ ಮೇಲೆ ಖರ್ಚು ಮಾಡಬಾರದು.

ಲೇಖಕಿ ಕೊನೆಯ ವಾಕ್ಯ ಹೊಡೆದುಹಾಕಿ, "ಈಗ ಸರಿ ಆಯ್ತಲ್ವಾ?" ಅಂದರು. ಆಗಿರಲಿಲ್ಲ. ನಮ್ಮ ಕನ್ನಡದಲ್ಲಿ ಗುಟ್ಟು ಸೋರುವುದು ಕೊನೆಯ ವಾಕ್ಯದಲ್ಲಿ ಮಾತ್ರ ಅಲ್ಲ, ನಾಮಪದದ ಹಿಂದೆ ಕೂತ ಪುಟ್ಟ ಪದದಲ್ಲಿ ಜಾಸ್ತಿ. "ಗುಟ್ಟಾಗಿ ಸಾಕಿದ ಮಗಳು." ಆ "ಸಾಕಿದ" ಒಂದೇ ಪದ 112ನೇ ಪುಟವನ್ನು ಬಿಟ್ಟುಕೊಟ್ಟಿತು. ಹೊಡೆದುಹಾಕಿದ ವಾಕ್ಯದ "ಮುಚ್ಚಿಟ್ಟ ಅಣ್ಣ" ಕೂಡ ಅಷ್ಟೇ. ಬರೆದವರ ಕಣ್ಣಿಗೆ ಅದು ಸುಮ್ನೆ ವಿವರಣೆ, ಯಾಕೆಂದರೆ ಅವರಿಗೆ ಕತೆ ಗೊತ್ತು. ಹಾಗಾಗಿ ಪ್ರತಿ ಹೆಸರಿನ ಹಿಂದಿನ ಪದವನ್ನೂ ಬೆರಳಿಟ್ಟು ನೋಡಬೇಕು. ಮುನ್ನುಡಿಯಿಂದ ಒಂದು ಪ್ಯಾರಾ ಎತ್ತಿ ಬೆನ್ನಿಗೆ ಹಾಕುವವರು ಇದನ್ನು ಇನ್ನೂ ಹುಷಾರಾಗಿ ನೋಡಲಿ. ಮುನ್ನುಡಿ ಬರೆದವರು ಪೂರ್ತಿ ಓದಿ ಬರೆದಿರುತ್ತಾರೆ.

ಗೆರೆಯ ಈಚೆಗೆ ಉಳಿದದ್ದು ಎರಡೇ ಸಂಗತಿ, ತೋಟ ಮತ್ತು ಹಾಜರಿ ಪುಸ್ತಕ. ಇಷ್ಟು ಕಮ್ಮಿಯಾದರೆ ಹೇಗೆ ಅಂತ ಲೇಖಕಿಗೆ ಕಳವಳ. ಕೆಲವರು ಇಲ್ಲಿ "ಮುಂದೇನಾಯಿತು? ಓದಿಯೇ ತಿಳಿಯಬೇಕು" ಅಂತ ಸೇರಿಸುತ್ತಾರೆ. ಆ ಸಾಲು ಯಾವ ಪುಸ್ತಕಕ್ಕಾದರೂ ಹೊಂದುತ್ತದೆ, ಅದಕ್ಕೇ ಯಾವ ಪುಸ್ತಕವನ್ನೂ ಮಾರುವುದಿಲ್ಲ. ನಾವು 31ನೇ ಪುಟಕ್ಕೆ ವಾಪಸ್ ಹೋದೆವು. ಆ ಹಾಜರಿ ಪುಸ್ತಕದಲ್ಲಿ ಜಾನಕಿ ಏನು ನೋಡಿದಳು? ಅದನ್ನು ಓದುಗರಿಗೂ ತೋರಿಸಿದರೆ ಸಾಕು.

"ಎರಡು ದಿನದ ಕೆಲಸ. ತೋಟದ ಪತ್ರಕ್ಕೆ ಸಹಿ ಹಾಕಿ ಬೆಂಗಳೂರಿನ ಬಸ್ಸು ಹತ್ತಬೇಕು. ಅಷ್ಟಕ್ಕೇ ಜಾನಕಿ ಮೂಡಿಗೆರೆಗೆ ಬಂದದ್ದು. ಅಪ್ಪನ ಕಪಾಟಿನಲ್ಲಿ ಹಳೆಯ ಹಾಜರಿ ಪುಸ್ತಕಗಳು ಸಿಗುತ್ತವೆ. ಇಪ್ಪತ್ತೆರಡು ವರ್ಷ, ಪ್ರತಿ ಶನಿವಾರ, ಗಿರಿಜಾ ಎಂಬ ಹೆಸರಿಗೆ ಬಟವಾಡೆ ಆಗಿದೆ. ಆ ಹೆಸರಿನವರು ಈ ತೋಟದಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ ಅನ್ನುತ್ತಾನೆ ಲೆಕ್ಕ ಬರೆಯುವ ರೈಟರ್. ಸಹಿಗೆ ಇನ್ನೊಂದೇ ದಿನ ಇದೆ."

ಯಾರಿಗೆ ಏನು ಬೇಕು, ಏನು ಅಡ್ಡ ಬಂತು, ಎಷ್ಟು ಹೊತ್ತಿದೆ, ಮೂರೂ ಇದರಲ್ಲಿವೆ. ಡೆಮಿ 1/8 ಅಳತೆಯ ಪುಸ್ತಕದ ಬೆನ್ನಿನಲ್ಲಿ ಲೇಖಕರ ಫೋಟೋ, ಬಾರ್‌ಕೋಡ್, ಬೆಲೆ ಎಲ್ಲ ಕೂತ ಮೇಲೂ ಆರಾಮಾಗಿ ಹಿಡಿಯುತ್ತದೆ.

ನಡುವೆ ಒಂದು ಕರಡಿನಲ್ಲಿ "ಬೆಚ್ಚಿಬೀಳಿಸುವ ರಹಸ್ಯ" ಅಂತ ನಾನೇ ಬರೆದಿದ್ದೆ. ತೆಗೆದೆ. ಇದು ನಿಧಾನವಾಗಿ ನಡೆಯುವ ಮನೆತನದ ಕತೆ. ಆ ಮಾತು ನಂಬಿದವರು ಕೊಲೆ ಹುಡುಕಿಕೊಂಡು ಬಂದು, ಐವತ್ತನೇ ಪುಟಕ್ಕೆ ಪುಸ್ತಕ ಮಡಚಿಡುತ್ತಾರೆ. ಅದೇ ಪತ್ತೇದಾರಿ ಕಾದಂಬರಿಯಲ್ಲಿ ಮೊದಲ ಪುಟದಲ್ಲೇ ಹೆಣ ಬಿದ್ದಿದ್ದರೆ ಅದನ್ನು ಧಾರಾಳವಾಗಿ ಹೇಳಬಹುದು. ಅದು ಗುಟ್ಟಲ್ಲ, ಬಾಗಿಲು.

ಕೊನೆಗೆ, ಕಾದಂಬರಿ ಓದದವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. "ಚೆನ್ನಾಗಿದೆ" ಅಂದರೆ ಇನ್ನೂ ಕೆಲಸ ಇದೆ ಅಂತ. "ಓ, ಅಪ್ಪನಿಗೆ ಇನ್ನೊಬ್ಬ ಮಗಳಾ?" ಅಂದರೆ ಸೋರಿಹೋಗಿದೆ ಅಂತ. ನಾನು ಪಕ್ಕದ ಮನೆಯ ಅಕ್ಕನಿಗೆ ಓದಿದೆ. ಅವರು ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿ, "ರೈಟರ್ ಸುಳ್ಳು ಹೇಳ್ತಿದ್ದಾನಾ?" ಅಂತ ಕೇಳಿದರು. ಅವತ್ತೇ ಸಂಜೆ ಬೆನ್ನುಡಿ ಪ್ರೆಸ್ಸಿಗೆ ಹೋಯಿತು.