ಪಯಣದ ಪ್ರಾರ್ಥನೆಯಲ್ಲಿ ‘ನಾವು’

29 ಡಿಸೆಂಬರ್ 2024, ಭಾನುವಾರ ರಾತ್ರಿ, ಮಂಗಳೂರು

ಬೆಂಗಳೂರಿನಿಂದ ಚಾರ್ಮಾಡಿ ಘಾಟಿಯ ಮೂಲಕ ಸೊಸೆಯ ತವರಿಗೆ ಬಂದು ತಲುಪಿದ್ದೇವೆ. ಮೊಮ್ಮಗಳು ಮಲಗಿದ್ದಾಳೆ. ಇಂದು ದಾರಿಯುದ್ದಕ್ಕೂ ಕೇಳಿದ ಪ್ರಾರ್ಥನೆಗಳನ್ನು ಮರೆಯುವ ಮೊದಲು ಬರೆದಿಡಬೇಕೆನಿಸಿದೆ.

ಭಾನುವಾರ ಪಶ್ಚಿಮ ದಿಕ್ಕಿಗೆ ಶೂಲವಿರುವುದರಿಂದ ಆ ಕಡೆಗೆ ಹೊರಡಬಾರದೆಂದು ನಮ್ಮ ಮನೆಯ ಹಿರಿಯರು ಪಾಲಿಸಿಕೊಂಡು ಬಂದ ನಿಯಮವಿದೆ. ರಜೆಯ ಲೆಕ್ಕದಲ್ಲಿ ಬೇರೆ ದಿನ ಸಿಗದೆ ಹೋದಾಗ ಅವರೇ ತೋರಿಸಿಕೊಟ್ಟ ದಾರಿಯೂ ಇದೆ: ಅದು ಪರಸ್ಥಾನ. ನಿನ್ನೆ ಸಂಜೆ ಒಂದು ಹಳೆಯ ಪಂಚೆಯಲ್ಲಿ ಹಿಡಿ ಅಕ್ಕಿ, ಒಂದು ಅಡಿಕೆ ಮತ್ತು ನನ್ನ ಒಂದು ಸೀರೆಯನ್ನು ಗಂಟು ಕಟ್ಟಿ ಪಕ್ಕದ ಮನೆಯ ಜಗಲಿಯಲ್ಲಿ ಇರಿಸಿ ಬಂದೆ. ನಮ್ಮದೊಂದು ವಸ್ತು ಮನೆಯ ಹೊಸ್ತಿಲು ದಾಟಿದರೆ ಪ್ರಯಾಣ ಶನಿವಾರವೇ ಶುರುವಾದಂತೆ. ಬೆಳಿಗ್ಗೆ ಹೊರಡುವಾಗ ಆ ಗಂಟನ್ನು ಎತ್ತಿಕೊಂಡರೆ ಸಾಕು. ಸೊಸೆ ಕ್ರೈಸ್ತಳು, ಇಂದಿನ ಭಾನುವಾರದ ಪೂಜೆ ತಪ್ಪಬಾರದೆಂದು ಅವಳೂ ನಿನ್ನೆ ಸಂಜೆಯೇ ಚರ್ಚಿಗೆ ಹೋಗಿ ಬಂದಿದ್ದಳು. ಶನಿವಾರ ಸಂಜೆಯ ಪೂಜೆ ಭಾನುವಾರದ್ದೆಂದೇ ಎಣಿಕೆಯಾಗುತ್ತದೆಂದು ಅವಳು ಹೇಳಿದಾಗ, ನನ್ನ ಗಂಟಿಗೂ ಅವಳ ಪೂಜೆಗೂ ಹತ್ತಿರದ ನಂಟಿದೆಯೆನಿಸಿತು.

ಕಳೆದ ವರ್ಷದ ಪ್ರಯಾಣದಲ್ಲಿ ಗಡಿಬಿಡಿಯಿಂದ ಹೊರಟು, ಗಾಡಿ ಓಡಿಸುತ್ತಿದ್ದ ಮಗನೇ ಮೊಬೈಲು ನೋಡಿಕೊಂಡು ಶ್ಲೋಕ ಓದಲು ಹೋಗಿ, ಮುಂದಿದ್ದ ರಸ್ತೆ ಉಬ್ಬು ಕಾಣದೆ ನಮ್ಮನ್ನೆಲ್ಲ ಎತ್ತಿ ಕುಕ್ಕಿದ್ದನು. ಆದ್ದರಿಂದ ಈ ಸಲ ಚಕ್ರ ಉರುಳುವ ಮೊದಲೇ, ಗಾಡಿಯ ಪಕ್ಕದಲ್ಲಿ ನಿಂತು ಪ್ರಾರ್ಥನೆ ಮುಗಿಸುವುದೆಂದು ಮಾತಾಗಿತ್ತು. ಒಬ್ಬರದ್ದನ್ನು ಇನ್ನೊಬ್ಬರು ಹೇಳಬೇಕಾಗಿಲ್ಲ. ಒಬ್ಬರು ಹೇಳುವಾಗ ಉಳಿದವರು ಸುಮ್ಮನೆ ನಿಂತು ಕೇಳುವುದು. ಹಾಗೆ ಕೇಳಿಸಿಕೊಂಡದ್ದರಿಂದಲೇ ನನಗೆ ಒಂದು ಸಂಗತಿ ಹೊಳೆಯಿತು.

ನಾನು ಹೇಳಿದ್ದು ಋಗ್ವೇದದ ಐದನೆಯ ಮಂಡಲದ ಮಂತ್ರ: “ಸ್ವಸ್ತಿ ಪಂಥಾಮನು ಚರೇಮ ಸೂರ್ಯಾಚಂದ್ರಮಸಾವಿವ, ಪುನರ್ದದತಾಘ್ನತಾ ಜಾನತಾ ಸಂ ಗಮೇಮಹಿ.” ಸೂರ್ಯಚಂದ್ರರಂತೆ ನಾವು ಕ್ಷೇಮವಾಗಿ ದಾರಿಯಲ್ಲಿ ನಡೆಯುವಂತಾಗಲಿ, ಕೊಡುವವನೊಡನೆ, ಕೊಲ್ಲದವನೊಡನೆ, ತಿಳಿದವನೊಡನೆ ಮತ್ತೆ ಕೂಡುವಂತಾಗಲಿ ಎಂದು ಅದರ ಅರ್ಥ. ಚರೇಮ, ಗಮೇಮಹಿ, ಎರಡೂ ‘ನಾವು’ ಎಂಬ ಬಹುವಚನದ ಕ್ರಿಯಾಪದಗಳು. ಎಷ್ಟೋ ವರ್ಷಗಳಿಂದ ಹೇಳುತ್ತಿದ್ದರೂ ಆ ಬಹುವಚನವನ್ನು ನಾನು ಗಮನಿಸಿದ್ದು ಇಂದು, ನಮ್ಮ ಚಾಲಕರ ಪ್ರಾರ್ಥನೆ ಕೇಳಿದ ಮೇಲೆ.

ಅವರು ಕರಾವಳಿಯ ಬ್ಯಾರಿ ಸಮುದಾಯದವರು. ಸೀಟಿನಲ್ಲಿ ಕುಳಿತು, ಮೂರು ಸಲ “ಅಲ್ಲಾಹು ಅಕ್ಬರ್” ಎಂದು, ಕುರ್‌ಆನಿನ 43ನೆಯ ಅಧ್ಯಾಯದ ವಾಕ್ಯಗಳನ್ನು ಮೆಲ್ಲನೆ ಹೇಳಿದರು: “ಸುಬ್‌ಹಾನಲ್ಲದೀ ಸಖ್ಖರ ಲನಾ ಹಾದಾ...” ಅರ್ಥ ಕೇಳಿದೆ. “ಇದನ್ನು ನಮಗೆ ವಶಪಡಿಸಿಕೊಟ್ಟವನು ಪರಿಶುದ್ಧನು, ಇದನ್ನು ಹತೋಟಿಗೆ ತರುವ ಶಕ್ತಿ ನಮಗಿರಲಿಲ್ಲ ಅಂತ, ಅಮ್ಮ. ಕೊನೆಗೆ, ನಾವು ನಮ್ಮ ಒಡೆಯನ ಬಳಿಗೇ ಮರಳುವವರು ಅಂತ ಇದೆ.” ‘ಲನಾ’ ಎಂದರೆ ‘ನಮಗೆ’. ವಾಕ್ಯ ಹುಟ್ಟಿದ ಕಾಲದಲ್ಲಿ ‘ಇದು’ ಎಂದರೆ ಹಡಗು ಮತ್ತು ಸವಾರಿಯ ಪ್ರಾಣಿ. ಇಂದು ಅದು ನಮ್ಮೆಲ್ಲರ ಭಾರ ಹೊತ್ತು ಇಳಿಜಾರಿನಲ್ಲಿ ಸಾಗುವ ಗಾಡಿ. ಹೊರಡುವ ಹೊತ್ತಿನಲ್ಲಿ ಸಾವನ್ನು ನೆನಪಿಸುವ ಆ ಕೊನೆಯ ಮಾತನ್ನು ಬಿಟ್ಟುಬಿಡುವ ಮನಸ್ಸು ಬರುವುದಿಲ್ಲವೇ ಎಂದು ಕೇಳಿದೆ. ಅದನ್ನು ಬಿಟ್ಟರೆ ಅರ್ಧ ಹೇಳಿದಂತೆ ಎಂದರು. ಚಕ್ರ ಹಿಡಿದವನಿಗೆ ಆ ಎಚ್ಚರ ಇರುವುದೇ ಸರಿಯೆಂದು ನನಗೂ ತೋರಿತು.

ಸೊಸೆ ಬೈಬಲಿನ 121ನೆಯ ಕೀರ್ತನೆಯನ್ನು ಕೊಂಕಣಿಯಲ್ಲಿ ಓದಿದಳು. ಅದು ‘ನಾನು’ ಎಂದೇ ಆರಂಭವಾಗುತ್ತದೆ: ಬೆಟ್ಟಗಳತ್ತ ಕಣ್ಣೆತ್ತುತ್ತೇನೆ, ನನಗೆ ನೆರವು ಎಲ್ಲಿಂದ ಬರುತ್ತದೆ? ಆದರೆ ಮೂರನೆಯ ವಚನದಿಂದ ದನಿ ಬದಲಾಗಿ ಬೇರೊಬ್ಬರು ಉತ್ತರಿಸುತ್ತಾರೆ: ಅವನು ನಿನ್ನ ಕಾಲು ಜಾರಗೊಡನು, ನಿನ್ನನ್ನು ಕಾಯುವವನು ತೂಕಡಿಸನು. ಎಂಟೇ ವಚನಗಳ ಕೀರ್ತನೆಯಲ್ಲಿ ‘ಕಾಯು’ ಎಂಬ ಹೀಬ್ರೂ ಧಾತು ಆರು ಸಲ ಬರುತ್ತದೆ. ದನಿ ಹೀಗೆ ಬದಲಾಗುವುದರಿಂದ ಒಬ್ಬಳೇ ಓದುವುದನ್ನು ಬಿಟ್ಟು, ಮೊದಲ ಎರಡು ವಚನಗಳನ್ನು ಅವಳು, ಉಳಿದದ್ದನ್ನು ಮೊಮ್ಮಗಳು ಓದಿದರು. ಏಳು ವರ್ಷದ ಮಗು ತಾಯಿಗೆ “ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಅವನು ಕಾಯುವನು” ಎಂದು ಹೇಳಿದಾಗ ನನ್ನ ಕಣ್ಣು ತುಂಬಿ ಬಂತು.

ಯೆಹೂದ್ಯರಲ್ಲಿ ಈ ‘ನಾವು’ ನಿಯಮವೇ ಆಗಿದೆ. ಅವರ ಪ್ರಯಾಣದ ಪ್ರಾರ್ಥನೆಯ ಹೆಸರು ತೆಫಿಲತ್ ಹದೆರೆಖ್. ಅದರ ಪಾಠ ಅವರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದಿನ ಬೆರಖೋತ್ ಎಂಬ ಭಾಗದಲ್ಲಿ ಏಕವಚನದಲ್ಲಿ ಬಂದಾಗ, ಅಬಯೆ ಎಂಬ ಪಂಡಿತನು ಅದನ್ನು ತಿದ್ದುತ್ತಾನೆ: ಪ್ರಾರ್ಥಿಸುವವನು ಸದಾ ತನ್ನನ್ನು ಸಮುದಾಯದೊಡನೆ ಸೇರಿಸಿಕೊಳ್ಳಬೇಕು, ಆದ್ದರಿಂದ ‘ನಮ್ಮನ್ನು ಕ್ಷೇಮವಾಗಿ ನಡೆಸು’ ಎನ್ನಬೇಕು. ಒಂಟಿಯಾಗಿ ಹೊರಟವನೂ ಬಹುವಚನದಲ್ಲೇ ಹೇಳುತ್ತಾನೆ. ಅದನ್ನು ಮನೆಯ ಬಾಗಿಲಲ್ಲಿ ಹೇಳದೆ, ಊರಿನ ಎಲ್ಲೆ ದಾಟಿದ ಮೇಲೆ ಹೇಳುವುದು ರೂಢಿ.

ಊರಿನ ಎಲ್ಲೆಯ ಮಾತು ಮಧ್ಯಾಹ್ನ ಮೂಡಿಗೆರೆಯಲ್ಲಿ ಮತ್ತೆ ಬಂತು. ಚಾಲಕರು ಮಸೀದಿಯ ಬಳಿ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತಿನಲ್ಲೇ ಮರಳಿದರು. ಸುಮಾರು 80 ಕಿ.ಮೀ. ಮೀರಿದ ಪ್ರಯಾಣಕ್ಕೆ ಹೊರಟವರು, ಊರಿನ ಎಲ್ಲೆ ದಾಟಿದ ಮೇಲೆ ನಾಲ್ಕು ರಕಅತ್‌ಗಳ, ಅಂದರೆ ನಿಂತು, ಬಾಗಿ, ಹಣೆಯೂರುವ ನಾಲ್ಕು ಸುತ್ತುಗಳ ನಮಾಜನ್ನು ಎರಡಕ್ಕೆ ಇಳಿಸಬಹುದು; ಬೆಳಗಿನ ಎರಡು ಮತ್ತು ಸಂಜೆಯ ಮೂರು ಮಾತ್ರ ಇದ್ದಂತೆಯೇ ಇರುತ್ತವೆ. ಕರಾವಳಿಯ ಬ್ಯಾರಿಗಳಲ್ಲಿ ಹೆಚ್ಚಿನವರಂತೆ ಶಾಫಿ ಪಂಥದವರಾದ್ದರಿಂದ ಅವರು ಮಧ್ಯಾಹ್ನದ ಝುಹರ್ ಮತ್ತು ಇಳಿಹೊತ್ತಿನ ಅಸರ್ ಎರಡನ್ನೂ ಒಟ್ಟಿಗೆ ಮುಗಿಸಿದ್ದರು. ಇನ್ನೊಂದು ಪಂಥದವರಾದ ಹನಫಿಗಳು ಹೀಗೆ ಕೂಡಿಸುವುದಿಲ್ಲ. ಘಾಟಿಯ ನಡುವೆ ನಿಲ್ಲಿಸಲು ಜಾಗ ಹುಡುಕುವ ಆತುರ ಇದರಿಂದ ತಪ್ಪಿತು.

ಕೊಟ್ಟಿಗೆಹಾರದಲ್ಲಿ ಊಟ ಮುಗಿಸಿ ಇಳಿಯತೊಡಗಿದಾಗ ಕಣಿವೆಯಲ್ಲಿ ಮಂಜು ಕವಿದಿತ್ತು. ಅಣ್ಣಪ್ಪಸ್ವಾಮಿಯ ಗುಡಿಯ ಮುಂದೆ ಚಲಿಸುವ ಗಾಡಿಯಿಂದಲೇ ಕಾಣಿಕೆ ಎಸೆಯುವವರನ್ನು ಕಂಡರೆ ನನಗೆ ಭಯವಾಗುತ್ತದೆ, ಹಿಂದಿನ ಗಾಡಿಯವನು ಗಲಿಬಿಲಿಗೊಳ್ಳುತ್ತಾನೆ. ನಾವು ಗಾಡಿಯನ್ನು ಪೂರ್ತಿ ಬದಿಗೆ ಹಾಕಿಸಿ, ಇಳಿದು ಕೈಮುಗಿದು ಹೊರಟೆವು. ಮುಂದಿನ ತಿರುವುಗಳಲ್ಲಿ ಚಾಲಕರು ಏನನ್ನೋ ಪಿಸುಗುಟ್ಟುತ್ತಿದ್ದರು. ಪ್ರವಾದಿಯವರ ಸಂಗಾತಿ ಜಾಬಿರ್ ಹೇಳಿದ ಮಾತೊಂದಿದೆಯಂತೆ: “ನಾವು ಏರುವಾಗ ಅಲ್ಲಾಹು ಅಕ್ಬರ್ ಎನ್ನುತ್ತಿದ್ದೆವು, ಇಳಿಯುವಾಗ ಸುಬ್‌ಹಾನಲ್ಲಾಹ್ ಎನ್ನುತ್ತಿದ್ದೆವು.” ಬೆಳಿಗ್ಗೆಯಿಂದ ಹುಡುಕುತ್ತಿದ್ದ ‘ನಾವು’ ಅಲ್ಲಿಯೂ ಇತ್ತು. ಕಣ್ಣು ರಸ್ತೆಯ ಮೇಲೆಯೇ ಇದ್ದು, ಗೇರು ಬದಲಾಗುವಲ್ಲಿ ಮಾತೂ ಬದಲಾಗುವ ಆ ಪ್ರಾರ್ಥನೆ ಘಾಟಿಗೆಂದೇ ಹುಟ್ಟಿದಂತಿತ್ತು.

ಕನ್ನಡದಲ್ಲಿ ಯಾರೂ ‘ಹೋಗ್ತೀನಿ’ ಎಂದು ಹೊಸ್ತಿಲು ದಾಟುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ಬೆಳಿಗ್ಗೆ ಪಕ್ಕದ ಮನೆಯಿಂದ ಗಂಟು ಎತ್ತಿಕೊಂಡಾಗ ನಾನೂ “ಹೋಗಿ ಬರ್ತೀವಿ” ಎಂದೆ. ಅವರು “ಬನ್ನಿ” ಎಂದರು, ‘ಹೋಗಿ’ ಎನ್ನಲಿಲ್ಲ.

ಸಂಜೆ ನಮ್ಮನ್ನು ಇಳಿಸಿದ ಮೇಲೆ ಚಾಲಕರು ತಮ್ಮ ಮನೆಗೆ ಹೊರಟರು. ಅವರ ಹೆಂಡತಿ ಮಕ್ಕಳು ಇದೇ ಊರಿನಲ್ಲಿದ್ದಾರೆ. ರಾತ್ರಿಯ ನಮಾಜೂ ಎರಡೇ ತಾನೇ ಎಂದು ಕೇಳಿದೆ. “ಇಲ್ಲಮ್ಮ, ಊರು ಬಂತಲ್ಲ,” ಎಂದು ನಕ್ಕರು, “ಇನ್ನು ನಾಲ್ಕೂ ಮಾಡಬೇಕು.”