ಕೊರಳಪಟ್ಟಿ ಹಿಡಿದದ್ದನ್ನು ನಾನು ನೋಡಲಿಲ್ಲ

ಪುಣೆ ಹತ್ತಿರ ಚಾಕಣದಲ್ಲಿರುವ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಜಗಳವಾದ ದಿನವೇ ಎಚ್‌ಆರ್ ಮೇಡಂ ಫೋನ್ ಮಾಡಿ, "ನಡೆದದ್ದನ್ನು ಬರೆದು ಕಳಿಸಿ, ನಿಮ್ಮ ಅಭಿಪ್ರಾಯ ಬೇಡ" ಅಂದರು. ಜಗಳವಾಡಿದ ಇಬ್ಬರೂ ನಮ್ಮ ಕಡೆಯವರೇ. ಡಿಸ್ಪ್ಯಾಚ್ ಗುಮಾಸ್ತ ವಿಜಯಪುರದವನು, ಅಕೌಂಟ್ಸಿನವರು ಬೆಳಗಾವಿಯವರು.

ಮೊದಲು ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಅವರವರ ಕೈಯಿಂದಲೇ ಹೇಳಿಕೆ ಬರೆಸಿದೆ. ಒಬ್ಬರದು ಇನ್ನೊಬ್ಬರ ಕಿವಿಗೆ ಬಿದ್ದರೆ ಮುಂದಿನದು ಹೇಳಿಕೆಯಾಗಿ ಉಳಿಯದೆ ಉತ್ತರವಾಗಿಬಿಡುತ್ತದೆ. ಬರೆದದ್ದನ್ನು ಓದಿ ಹೇಳಿ ಪ್ರತಿ ಪುಟಕ್ಕೂ ಸಹಿ ಹಾಕಿಸಿದೆ.

ಜಗಳ ಎದ್ದದ್ದು ಡ್ರೈವರ್ ಅಡ್ವಾನ್ಸಿನ ವೋಚರ್ ಮೇಲೆ. ಲಾರಿ ತೂಕದ ಕಾಟಾ ಚೀಟಿ ಇಲ್ಲದೆ ಪಾಸ್ ಮಾಡೋದಿಲ್ಲ ಅಂತ ಅಕೌಂಟ್ಸಿನವರು ವೋಚರ್ ತಡೆದರು. "ನಿಮ್ಮಪ್ಪನ ಮನಿ ರೊಕ್ಕ ಏನ್ರೀ ಇದು?" ಅಂದ ಡಿಸ್ಪ್ಯಾಚಿನವ. "ಹೊರಗ ಬಾ, ತೋರಸ್ತೀನಿ" ಅಂದರು ಇವರು. ಇಷ್ಟನ್ನು ನಾನೇ ಕೇಳಿದ್ದೆ. ಆ ಮಾತುಗಳನ್ನು ಆಡಿದ ಹಾಗೇ ಬರೆದೆ. "ಅವಾಚ್ಯವಾಗಿ ನಿಂದಿಸಿದ", "ಬೆದರಿಸಿದರು" ಎಂದು ಬರೆದಿದ್ದರೆ ತೀರ್ಪು ನನ್ನದಾಗುತ್ತಿತ್ತು.

ಕಷ್ಟವಾದದ್ದು ಮುಂದಿನ ಅರೆಗಳಿಗೆ. ಅಕೌಂಟ್ಸಿನವರ ಹೇಳಿಕೆಯ ಪ್ರಕಾರ ಡಿಸ್ಪ್ಯಾಚಿನವ ಅವರ ಕೊರಳಪಟ್ಟಿ ಹಿಡಿದ. ಅವನ ಪ್ರಕಾರ ಅವರ ಕೈಯಲ್ಲಿದ್ದ ವೋಚರ್ ಕಸಿದುಕೊಳ್ಳಲು ಹೋದಾಗ ಕೈ ಅಂಗಿಗೆ ತಾಗಿತು. ನಾನು ತಿರುಗಿ ನೋಡುವಷ್ಟರಲ್ಲಿ ಅವನ ಬಲಗೈ ಅವರ ಎದೆಯ ಹತ್ತಿರ ಇತ್ತು. ಅಂಗಿಯ ಮೇಲಿನ ಗುಂಡಿ ನೆಲದ ಮೇಲೆ ಬಿದ್ದಿತ್ತು. ಗುಂಡಿ ಹೇಗೆ ಕಿತ್ತಿತು ಅನ್ನುವುದು ನನಗೆ ಕಾಣಲಿಲ್ಲ. ಕೌಂಟರಿನಲ್ಲಿದ್ದ ಡ್ರೈವರ್ ಬೆನ್ನು ಹಾಕಿ ನಿಂತಿದ್ದ, ಅವನು ಕೇಳಿದ್ದು ಮಾತು ಮಾತ್ರ. ಹಾಗಾಗಿ ಎರಡೂ ಹೇಳಿಕೆಗಳನ್ನು ಒಂದರ ಕೆಳಗೊಂದು ಇಟ್ಟೆ. ನಾನು ಕಂಡದ್ದನ್ನು ಬೇರೆ ಪ್ಯಾರಾದಲ್ಲಿ ಬರೆದು, ಕಾಣದೇ ಇದ್ದದ್ದನ್ನೂ ಅಲ್ಲೇ ಹೇಳಿದೆ.

ಕ್ಯಾಮೆರಾ ಇತ್ತು, ಆದರೆ ಅದಕ್ಕೆ ಧ್ವನಿಯಿಲ್ಲ. ಕಂಬ ಅಡ್ಡ ಬಂದು ಇಬ್ಬರ ಕೈಗಳೂ ಮರೆಯಾಗಿದ್ದವು. ಅದರ ಗಡಿಯಾರ ಗೋಡೆ ಗಡಿಯಾರಕ್ಕಿಂತ 7 ನಿಮಿಷ ಹಿಂದೆ ಇತ್ತು. ಈ ವ್ಯತ್ಯಾಸವನ್ನು ಬರೆಯದೇ ಹೋದರೆ ಹೇಳಿಕೆಯ ಹೊತ್ತಿಗೂ ದೃಶ್ಯದ ಹೊತ್ತಿಗೂ ತಾಳೆಯಾಗದೆ, ಸತ್ಯ ಹೇಳಿದವರೂ ಸುಳ್ಳುಗಾರರಾಗಿ ಕಾಣುತ್ತಾರೆ. ರೆಕಾರ್ಡಿಂಗ್ ಮೇಲೆ ಹೊಸದು ಕೂತು ಹಳೆಯದು ಅಳಿಸಿಹೋಗುವ ಮೊದಲೇ ಪೆನ್‌ಡ್ರೈವಿಗೆ ತೆಗೆಸಿದೆ.

ಡಿಸ್ಪ್ಯಾಚಿನ ಹುಡುಗ ಸಂಜೆ ನನ್ನ ಹತ್ತಿರ ಬಂದು, "ಅಣ್ಣಾ, ಅವರು ತಿಂಗಳಿಂದ ನನ್ನ ವೋಚರ್ ಮಾತ್ರ ತಡೀತಾರ, ಅದನ್ನೂ ಬರೀರಿ" ಅಂದ. ನನಗೆ ಮರುಕವಾಯಿತು. ಆದರೂ ಅದನ್ನು ನನ್ನ ಮಾತಾಗಿ ಬರೆಯುವಂತಿರಲಿಲ್ಲ. "ನಿನ್ನ ಹೇಳಿಕೆಯ ಕೆಳಗೆ ನೀನೇ ಸೇರಿಸಿ ಸಹಿ ಮಾಡು, ತಡೆದ ವೋಚರುಗಳ ನಂಬರ್ ಹಾಕು" ಅಂದೆ. ಅವನು ನಾಲ್ಕು ನಂಬರ್ ಬರೆದ. ಅದರ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಅಕೌಂಟ್ಸಿನವರನ್ನೂ ಕೇಳಿದೆ. ನಾಲ್ಕಕ್ಕೂ ಕಾಟಾ ಚೀಟಿ ಇರಲಿಲ್ಲ ಎಂದು ಅವರು ಬರೆದುಕೊಟ್ಟರು. ಆ ವೋಚರುಗಳ ನಕಲನ್ನು ಲಗತ್ತಿಸಿ ವರದಿ ಕಳಿಸಿದೆ.